ಕಂಪನಿಯ ಕೌನ್ಸೆಲರ್‌ಗೆ ಹೇಳಿದ ಮಾತು ಎಲ್ಲಿಯವರೆಗೆ ಹೋಗುತ್ತದೆ?

ಬೆಂಗಳೂರಿನ ದೊಡ್ಡ ಐಟಿ ಕಂಪನಿಗಳಲ್ಲಿ ಕೆಲಸಕ್ಕೆ ಸೇರಿದವರಿಗೆ ವಿಮೆಯ ಕಾರ್ಡು, ಕ್ಯಾಬ್ ನಿಯಮಗಳ ಜತೆ ಇನ್ನೊಂದು ಮಾಹಿತಿಯೂ ಸಿಗುತ್ತದೆ. ದಿನದ 24 ಗಂಟೆಯೂ ಇರುವ ಸಹಾಯವಾಣಿ, ವರ್ಷಕ್ಕೆ ಇಂತಿಷ್ಟು ಉಚಿತ ಕೌನ್ಸೆಲಿಂಗ್, ಎಲ್ಲವೂ ‘ಸಂಪೂರ್ಣ ಗೋಪ್ಯ’. ಎಂಪ್ಲಾಯೀ ಅಸಿಸ್ಟೆನ್ಸ್ ಪ್ರೋಗ್ರಾಂ, ಚಿಕ್ಕದಾಗಿ ಇಎಪಿ ಎಂದು ಕರೆಯುವ ವ್ಯವಸ್ಥೆ ಇದು. ಕೆಲಸದ ಒತ್ತಡದಲ್ಲಿ ನಿದ್ದೆಗೆಟ್ಟವರೂ ಆ ನಂಬರಿಗೆ ಫೋನ್ ಮಾಡಲು ಹಿಂಜರಿಯುತ್ತಾರೆ. ದುಡ್ಡು ಕೊಡುವುದು ಕಂಪನಿ. ಹಾಗಿದ್ದ ಮೇಲೆ ಮಾತು ಕಂಪನಿಯ ಕಿವಿಗೆ ಬೀಳದೆ ಇರುತ್ತದೆಯೇ ಎಂಬುದು ಅವರ ಅನುಮಾನ.

ಅನುಮಾನ ಸುಳ್ಳಲ್ಲ, ಆದರೆ ಅದು ಬಹುಪಾಲು ತಪ್ಪು ವ್ಯಕ್ತಿಯ ಮೇಲೆ ಬಿದ್ದಿದೆ. ಕೌನ್ಸೆಲರ್ ಎಚ್‌ಆರ್‌ಗೆ ಫೋನ್ ಮಾಡಿ ‘ನಿಮ್ಮವರು ಹೀಗೆ ಹೇಳಿದರು’ ಎನ್ನುವ ಸಾಧ್ಯತೆ ಕಡಿಮೆ. ಅಂಥದ್ದೊಂದು ಹೊರಬಿದ್ದರೆ ಸೇವೆ ಕೊಡುವ ಸಂಸ್ಥೆಯ ವ್ಯಾಪಾರವೇ ಮುಳುಗುತ್ತದೆ. ಸೋರುವುದು ಮಾತಿನ ಸುತ್ತ ಇರುವ ವಸ್ತುಗಳಿಂದ: ಅಪಾಯಿಂಟ್‌ಮೆಂಟಿನ ಮೇಲ್, ಆಫೀಸಿನ ಕ್ಯಾಲೆಂಡರ್, ಕಂಪನಿ ಲ್ಯಾಪ್‌ಟಾಪ್, ರಜೆಗೆ ಕೊಟ್ಟ ವೈದ್ಯರ ಚೀಟಿ, ಮರುಪಾವತಿಗೆ ಹಾಕಿದ ಬಿಲ್ಲು. ಇವುಗಳಲ್ಲಿ ಹೆಚ್ಚಿನವು ನಮ್ಮ ಕೈಯಲ್ಲೇ ಇವೆ.

ದುಡ್ಡಿನ ದಾರಿ, ಮಾಹಿತಿಯ ದಾರಿ

ಸಾಮಾನ್ಯವಾಗಿ ಕಂಪನಿ ಹೊರಗಿನ ಒಂದು ಸಂಸ್ಥೆಯ ಜತೆ ಒಪ್ಪಂದ ಮಾಡಿಕೊಂಡಿರುತ್ತದೆ. ಹಣ ಎರಡು ಬಗೆಯಲ್ಲಿ ಹೋಗುತ್ತದೆ. ಒಂದು, ಇರುವಷ್ಟೂ ನೌಕರರ ತಲೆಗೆ ಇಷ್ಟು ಎಂದು ಕಟ್ಟುವುದು; ಯಾರು ಬಳಸಿದರು, ಯಾರು ಬಳಸಲಿಲ್ಲ ಎಂಬುದು ಆ ಬಿಲ್ಲಿಗೆ ಬೇಕಾಗುವುದೇ ಇಲ್ಲ. ಇನ್ನೊಂದು, ನಡೆದ ಸೆಷನ್ನುಗಳ ಲೆಕ್ಕದಲ್ಲಿ ಕಟ್ಟುವುದು. ಎರಡನೆಯ ಬಗೆಯಲ್ಲಿ ಮಾತ್ರ ತುಸು ಎಚ್ಚರ ಬೇಕು. ಸೆಷನ್ ನಿಜವಾಗಿ ನಡೆದಿದೆಯೇ ಎಂದು ಲೆಕ್ಕಪತ್ರ ವಿಭಾಗ ಕೇಳಿದಾಗ ಸಂಸ್ಥೆ ಕೋಡ್ ನಂಬರ್ ಕೊಡುತ್ತದೆಯೋ, ನೌಕರರ ಐಡಿ ಕೊಡುತ್ತದೆಯೋ ಎಂಬುದು ಒಪ್ಪಂದದಲ್ಲಿ ಹೇಗೆ ಬರೆದಿದೆ ಎಂಬುದರ ಮೇಲೆ ನಿಂತಿದೆ. ಸರಿಯಾಗಿ ನಡೆಸುವವರು ಕೋಡ್ ಮಾತ್ರ ಕೊಡುತ್ತಾರೆ.

ಬಿಲ್ಲಿನ ಜತೆಗೆ ಒಂದು ವರದಿಯೂ ಹೋಗುತ್ತದೆ, ಹೆಚ್ಚಾಗಿ ಮೂರು ತಿಂಗಳಿಗೊಮ್ಮೆ. ಎಷ್ಟು ಜನ ಬಳಸಿದರು, ಯಾವ ಊರಿನ ಕಚೇರಿಯವರು, ಗಂಡಸರೆಷ್ಟು ಹೆಂಗಸರೆಷ್ಟು, ಯಾವ ವಯಸ್ಸಿನವರು, ಮುಖ್ಯ ವಿಷಯವೇನು ಎಂಬ ಒಟ್ಟು ಲೆಕ್ಕ ಅದರಲ್ಲಿರುತ್ತದೆ. ಹೆಸರಿರುವುದಿಲ್ಲ. ಆದರೆ ಹೆಸರಿಲ್ಲ ಎಂದ ಮಾತ್ರಕ್ಕೆ ಗುರುತು ಸಿಗುವುದಿಲ್ಲ ಎಂದಲ್ಲ. ಸಾವಿರಾರು ಜನರಿರುವ ಬೆಂಗಳೂರಿನ ಕ್ಯಾಂಪಸ್ಸಿನಲ್ಲಿ ‘30ರಿಂದ 35 ವರ್ಷದ ಮಹಿಳೆಯರು, ಕೆಲಸದ ಒತ್ತಡ, 14’ ಎಂದರೆ ಯಾರೆಂದು ಹೇಳಲಾಗದು. ಅದೇ ಕಂಪನಿಯ ಮೈಸೂರು ಕಚೇರಿಯಲ್ಲಿ 22 ಜನರಿದ್ದು, ‘ಮಹಿಳೆ, 40ರ ಮೇಲೆ, ದಾಂಪತ್ಯದ ಸಮಸ್ಯೆ, 1’ ಎಂದು ಬಂದರೆ ಎಚ್‌ಆರ್‌ನವರು ಹುಡುಕಲು ಹೋಗಬೇಕಿಲ್ಲ, ಮುಖವೇ ಕಣ್ಣಮುಂದೆ ಬರುತ್ತದೆ. ಇದನ್ನು ತಡೆಯಲು ಸಣ್ಣ ಗುಂಪುಗಳನ್ನು ದೊಡ್ಡದರೊಳಗೆ ಸೇರಿಸಿ ವರದಿ ಮಾಡಬೇಕು. ಹತ್ತಕ್ಕಿಂತ ಕಡಿಮೆ ಬಂದರೆ ಪ್ರತ್ಯೇಕವಾಗಿ ತೋರಿಸುವುದಿಲ್ಲ ಎಂಬಂಥ ಮಿತಿಯನ್ನು ಮೊದಲೇ ಹಾಕಿಕೊಂಡಿರಬೇಕು. ನಿಮ್ಮ ಕಂಪನಿಯಲ್ಲಿ ಆ ಮಿತಿ ಎಷ್ಟು ಎಂದು ಸೇವೆ ಕೊಡುವ ಸಂಸ್ಥೆಯನ್ನೇ ಕೇಳಬಹುದು. ಉತ್ತರ ತಕ್ಷಣ ಬಂದರೆ ಅವರು ಈ ಬಗ್ಗೆ ಯೋಚಿಸಿದ್ದಾರೆ ಎಂದರ್ಥ. ‘ಎಲ್ಲವೂ ಗೋಪ್ಯ ಮೇಡಂ’ ಎಂದಷ್ಟೇ ಬಂದರೆ, ಸಣ್ಣ ಕಚೇರಿಯಲ್ಲಿ ಇರುವವರು ಹೊರಗಿನ ಥೆರಪಿಸ್ಟ್ ಕಡೆ ನೋಡುವುದು ವಾಸಿ.

ಇದಲ್ಲದೆ ನೀವು ಒಳಗೆ ಹೋದ ಬಾಗಿಲೂ ಮುಖ್ಯ. ನೀವಾಗಿಯೇ ಫೋನ್ ಮಾಡಿದರೆ ಒಂದು ಲೆಕ್ಕ. ಮ್ಯಾನೇಜರ್ ‘ಒಮ್ಮೆ ಮಾತಾಡಿ ನೋಡಿ’ ಎಂದು ನಂಬರ್ ಕೊಟ್ಟರೆ ಅದೂ ಹೆಚ್ಚುಕಡಿಮೆ ಹಾಗೇ. ನೀವು ಹೋದಿರೋ ಇಲ್ಲವೋ ಅವರಿಗೆ ತಿಳಿಯಬೇಕಿಲ್ಲ. ಆದರೆ ಶಿಸ್ತಿನ ವಿಷಯದಲ್ಲಿ ಅಥವಾ ಕೆಲಸದ ಗುಣಮಟ್ಟ ಕುಸಿದಿದೆ ಎಂದು ಎಚ್‌ಆರ್ ಲಿಖಿತವಾಗಿ ಕಳಿಸಿದರೆ, ಬಂದರೋ ಇಲ್ಲವೋ, ಎಷ್ಟು ಸಲ ಬಂದರು ಎಂಬ ಮಾಹಿತಿ ವಾಪಸ್ ಹೋಗಲು ನಿಮ್ಮಿಂದ ಸಹಿ ಕೇಳುತ್ತಾರೆ. ಆ ಒಪ್ಪಿಗೆ ಪತ್ರದಲ್ಲಿ ‘ಹಾಜರಾತಿ ಮಾತ್ರ’ ಎಂದಿದೆಯೋ, ‘ಪ್ರಗತಿ’ ಎಂಬ ಪದವೂ ಸೇರಿದೆಯೋ ನೋಡಿ ಸಹಿ ಹಾಕಬೇಕು. ಇನ್ನು ‘ಕೆಲಸಕ್ಕೆ ಅರ್ಹರೇ’ ಎಂದು ಪರೀಕ್ಷಿಸಲು ಕಂಪನಿಯೇ ವೈದ್ಯರ ಬಳಿ ಕಳಿಸಿದರೆ ಅದು ಕೌನ್ಸೆಲಿಂಗೇ ಅಲ್ಲ. ಅಲ್ಲಿ ಎದುರಿಗೆ ಕೂತವರು ವರದಿ ಬರೆಯುವುದು ಕಂಪನಿಗಾಗಿ.

ಕಾನೂನಿನ ಕೊಡೆ ಎಷ್ಟು ಅಗಲ

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯನ್ನು ಹಕ್ಕಾಗಿ ಕೊಟ್ಟಿದೆ. ಈ ಸಾಲನ್ನು ಕಂಪನಿಯ ಪೋಸ್ಟರುಗಳು ಉದಾರವಾಗಿ ಬಳಸುತ್ತವೆ. ಆದರೆ ಆ ಹಕ್ಕು ‘ಮಾನಸಿಕ ಕಾಯಿಲೆ ಇರುವ ವ್ಯಕ್ತಿ’ಗೆ ಸಂಬಂಧಿಸಿದ್ದು, ಕಾಯ್ದೆ ಹೇಳುವ ಮಾನಸಿಕ ಆರೋಗ್ಯ ವೃತ್ತಿಪರರು ಎಂದರೆ ಮುಖ್ಯವಾಗಿ ಮನೋವೈದ್ಯರು ಮತ್ತು ರಾಜ್ಯ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಂಡ ಕ್ಲಿನಿಕಲ್ ಸೈಕಾಲಜಿಸ್ಟ್, ಮನೋರೋಗ ಶುಶ್ರೂಷಕರು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು. ಸೈಕಾಲಜಿಯಲ್ಲಿ ಎಂ.ಎಸ್ಸಿ. ಮುಗಿಸಿ ಇಎಪಿಯಲ್ಲಿ ಕೂತಿರುವ ಕೌನ್ಸೆಲರ್ ಜತೆ ‘ಬಾಸ್ ಕಾಟ ತಡೆಯಲಾಗುತ್ತಿಲ್ಲ’ ಎಂದು ನೀವು ಆಡಿದ ಮಾತು ಈ ಕೊಡೆಯ ಅಂಚಿನಲ್ಲೋ ಹೊರಗೋ ನಿಂತಿರುತ್ತದೆ. ಅಲ್ಲಿ ನಿಮ್ಮನ್ನು ಕಾಯುವುದು ಅವರ ವೃತ್ತಿಧರ್ಮ ಮತ್ತು ಸಂಸ್ಥೆಯ ಒಪ್ಪಂದ. ಅದು ಸಣ್ಣ ರಕ್ಷಣೆಯೇನಲ್ಲ, ಆದರೆ ಕಾಗದ ಓದದೆ ನಂಬುವಂಥದ್ದೂ ಅಲ್ಲ.

ದತ್ತಾಂಶ ಕಾನೂನಿನಲ್ಲೂ ಇಂಥದೇ ಒಂದು ತಿರುವಿದೆ. ಐಟಿ ಕಾಯ್ದೆಯಡಿ ಬಂದ 2011ರ ನಿಯಮಗಳು ಮಾನಸಿಕ ಆರೋಗ್ಯದ ಸ್ಥಿತಿಯನ್ನು ಸೂಕ್ಷ್ಮ ಮಾಹಿತಿ ಎಂದು ಬೇರೆಯಾಗಿ ಹೆಸರಿಸಿದ್ದವು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ ಅಂಥ ಪ್ರತ್ಯೇಕ ವರ್ಗವೇ ಇಲ್ಲ. ಮೇಲಾಗಿ ಅದರ 7ನೇ ಸೆಕ್ಷನ್, ಉದ್ಯೋಗದ ಉದ್ದೇಶಕ್ಕೆ ಮತ್ತು ಕಂಪನಿಯನ್ನು ನಷ್ಟದಿಂದ ಕಾಪಾಡುವುದಕ್ಕೆ ನೌಕರರ ಮಾಹಿತಿಯನ್ನು ಒಪ್ಪಿಗೆ ಕೇಳದೆಯೂ ಬಳಸಲು ಕಂಪನಿಗೆ ಅವಕಾಶ ಕೊಡುತ್ತದೆ. ಹಾಗಾಗಿ ಒಮ್ಮೆ ಎಚ್‌ಆರ್ ಪೋರ್ಟಲ್ಲಿಗೆ ನೀವೇ ಹಾಕಿದ ವೈದ್ಯರ ಚೀಟಿಯನ್ನು ಆಮೇಲೆ ವಾಪಸ್ ಎಳೆದುಕೊಳ್ಳುವುದು ಕಷ್ಟ. ಹಾಕುವ ಮೊದಲೇ ಯೋಚಿಸಬೇಕು.

ಗೋಪ್ಯತೆ ಮುರಿಯಲೇಬೇಕಾದ ಸಂದರ್ಭಗಳೂ ಇವೆ, ಅವು ಹೆಚ್ಚಿಲ್ಲ. ನಿಮ್ಮ ಅಥವಾ ಬೇರೆಯವರ ಜೀವಕ್ಕೆ ಹತ್ತಿರದ ಅಪಾಯ, ನ್ಯಾಯಾಲಯದ ಆದೇಶ, ಮಕ್ಕಳ ಮೇಲಿನ ಲೈಂಗಿಕ ಅಪರಾಧ. ಕೊನೆಯದನ್ನು ತಿಳಿದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು ಎಂದು ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಹೇಳುತ್ತದೆ, ಕೌನ್ಸೆಲರ್ ಇದಕ್ಕೆ ಹೊರತಲ್ಲ. ಜನ ಹೆಚ್ಚು ಹೆದರುವುದು ಮೊದಲನೆಯದಕ್ಕೆ. ‘ಸಾಯಬೇಕೆನಿಸುತ್ತದೆ’ ಎಂದ ಕೂಡಲೇ ಆಫೀಸಿಗೆ ಫೋನ್ ಹೋಗುತ್ತದೆ ಎಂದುಕೊಂಡು ಅದನ್ನೇ ಮುಚ್ಚಿಡುತ್ತಾರೆ. ತರಬೇತಾದ ಕೌನ್ಸೆಲರ್ ಅಂಥ ಮಾತು ಕೇಳಿ ಗಾಬರಿಯಾಗುವುದಿಲ್ಲ. ಯೋಚನೆ ಮಾತ್ರವೋ, ಹೇಗೆ ಎಂಬ ಯೋಜನೆಯೂ ಇದೆಯೋ, ಸಾಧನ ಕೈಗೆಟುಕುವಂತಿದೆಯೋ, ಯಾವಾಗ ಎಂದು ಅಂದುಕೊಂಡಿದ್ದೀರೋ ಎಂದು ಒಂದೊಂದಾಗಿ ಕೇಳುತ್ತಾರೆ. ಯೋಚನೆಯಷ್ಟೇ ಇದ್ದರೆ ಸಾಮಾನ್ಯವಾಗಿ ಅದು ಕೋಣೆಯೊಳಗೇ ಉಳಿಯುತ್ತದೆ. ಅಪಾಯ ಹತ್ತಿರವಿದೆ ಎನಿಸಿದರೆ ನೀವು ಕೊಟ್ಟ ತುರ್ತು ಸಂಪರ್ಕದವರಿಗೆ ತಿಳಿಸುತ್ತಾರೆ, ಅದೂ ಅಗತ್ಯವಿರುವಷ್ಟನ್ನೇ. ಆ ತುರ್ತು ಸಂಪರ್ಕದಲ್ಲಿ ಯಾರ ಹೆಸರಿದೆ ಎಂಬುದನ್ನು ಮಾತ್ರ ಮೊದಲೇ ನೋಡಿಕೊಳ್ಳಿ. ಕೆಲವು ಪೋರ್ಟಲ್ಲುಗಳಲ್ಲಿ ಆ ಜಾಗ ಎಚ್‌ಆರ್ ದಾಖಲೆಯಿಂದ ತಾನಾಗಿ ತುಂಬಿಕೊಂಡಿರುತ್ತದೆ. ಹಳೆಯ ರೂಂಮೇಟ್, ಈಗ ಅದೇ ಕಂಪನಿಯ ಸಹೋದ್ಯೋಗಿ ಅಲ್ಲಿ ಕೂತಿರಬಹುದು.

ಒಂದು ಉದಾಹರಣೆ, ಹೆಜ್ಜೆ ಹೆಜ್ಜೆಯಾಗಿ

ಕಲ್ಪಿತ ವ್ಯಕ್ತಿಯೊಬ್ಬರನ್ನು ತೆಗೆದುಕೊಳ್ಳೋಣ. ರಶ್ಮಿ, ಹಾಸನದವರು, 31 ವರ್ಷ, ಬೆಳ್ಳಂದೂರಿನ ಕಂಪನಿಯೊಂದರಲ್ಲಿ ಎಂಟು ಜನರ ತಂಡದ ಇಂಜಿನಿಯರ್. ಮೂರು ವಾರಕ್ಕೊಮ್ಮೆ ಆನ್-ಕಾಲ್ ಸರದಿ. ಈಗ ಸರದಿ ಇಲ್ಲದ ವಾರದಲ್ಲೂ ರಾತ್ರಿ ಎರಡಕ್ಕೆ ಎಚ್ಚರವಾಗುತ್ತದೆ, ಫೋನ್ ಸದ್ದಾದರೆ ಎದೆ ಡವಗುಟ್ಟುತ್ತದೆ. ಕಂಪನಿ ಆರು ಉಚಿತ ಸೆಷನ್ ಕೊಡುತ್ತದೆ.

ಆಕೆ ಆಫೀಸಿನ ಲ್ಯಾಪ್‌ಟಾಪಿನಲ್ಲಿ ಕೌನ್ಸೆಲಿಂಗ್ ಪೋರ್ಟಲ್ ತೆರೆದು ‘ಕಂಪನಿ ಖಾತೆಯಿಂದ ಲಾಗಿನ್’ ಒತ್ತಿದರೆ, ಯಾವ ದಿನ ಯಾವ ಹೊತ್ತಿಗೆ ಒಳಗೆ ಹೋದರು ಎಂಬುದು ಕಂಪನಿಯ ಲಾಗಿನ್ ದಾಖಲೆಯಲ್ಲಿ ಉಳಿಯುತ್ತದೆ. ಅಷ್ಟೇ ಅಲ್ಲ. ಅನೇಕ ಕಂಪನಿಗಳು ಭದ್ರತೆಗಾಗಿ ಲ್ಯಾಪ್‌ಟಾಪಿನ ಇಂಟರ್ನೆಟ್ ಓಡಾಟವನ್ನು ಬಿಡಿಸಿ ನೋಡುವ ತಂತ್ರ ಇಟ್ಟಿರುತ್ತವೆ. ಇದನ್ನು ನೀವೇ ಪತ್ತೆ ಹಚ್ಚಬಹುದು: ಬ್ರೌಸರಿನಲ್ಲಿ ವಿಳಾಸದ ಪಕ್ಕದ ಗುರುತು ಒತ್ತಿ ಸರ್ಟಿಫಿಕೇಟ್ ತೆರೆದು, ಅದನ್ನು ಕೊಟ್ಟವರು ಯಾರು ಎಂದು ನೋಡಿ. ಅಲ್ಲಿ ನಿಮ್ಮ ಕಂಪನಿಯ ಹೆಸರೋ ಅದು ಬಳಸುವ ಭದ್ರತಾ ಸಂಸ್ಥೆಯ ಹೆಸರೋ ಇದ್ದರೆ, ಪುಟದೊಳಗೆ ನೀವು ಟೈಪ್ ಮಾಡುವುದೂ ತಾಂತ್ರಿಕವಾಗಿ ಅವರ ಕೈಗೆ ಸಿಗುವಂಥದ್ದು. ಯಾರೂ ಕೂತು ಓದುತ್ತಿರಲಿಕ್ಕಿಲ್ಲ, ಆದರೆ ಓದಲು ಸಾಧ್ಯ ಎಂಬುದು ನಿಜ.

ಆದ್ದರಿಂದ ರಶ್ಮಿ ಸಹಾಯವಾಣಿಯ ನಂಬರನ್ನು ಚೀಟಿಯಲ್ಲಿ ಬರೆದುಕೊಂಡು ಶನಿವಾರ ಸ್ವಂತ ಫೋನಿನಿಂದ, ಮೊಬೈಲ್ ಡೇಟಾ ಬಳಸಿ ಸಂಪರ್ಕಿಸುತ್ತಾರೆ. ಆ ಫೋನಿನಲ್ಲಿ ಆಫೀಸಿನ ಮೇಲ್ ಇದ್ದು, ಅದಕ್ಕಾಗಿ ಕಂಪನಿ ನಿಯಂತ್ರಣದ ಆ್ಯಪ್ ಹಾಕಿಸಿಕೊಂಡಿದ್ದರೆ, ಕೌನ್ಸೆಲಿಂಗ್ ಆ್ಯಪನ್ನು ‘ವರ್ಕ್ ಪ್ರೊಫೈಲ್’ ಒಳಗೆ ಹಾಕಬಾರದು. ಅತ್ತ ಕಡೆಯವರು ಕಂಪನಿಯ ಹೆಸರು, ನೌಕರರ ಐಡಿ ಕೇಳುತ್ತಾರೆ. ನೀವು ಆ ಕಂಪನಿಯವರೇ ಎಂದು ಖಚಿತಪಡಿಸಿಕೊಳ್ಳಲು ಅದು ಬೇಕು. ಆದರೆ ಮುಂದಿನ ಸಂಪರ್ಕಕ್ಕೆ ಆಕೆ ಸ್ವಂತ ಜಿಮೇಲ್ ಕೊಡುತ್ತಾರೆ, ತುರ್ತು ಸಂಪರ್ಕಕ್ಕೆ ಅಕ್ಕನ ನಂಬರ್ ಕೊಡುತ್ತಾರೆ, ಕನ್ನಡ ಮಾತಾಡುವ ಕೌನ್ಸೆಲರ್ ಬೇಕು ಎನ್ನುತ್ತಾರೆ. ಆಮೇಲೆ ಐದು ಪ್ರಶ್ನೆ ಕೇಳುತ್ತಾರೆ, ಉತ್ತರವನ್ನು ಮೇಲ್ ಮೂಲಕ ಕಳಿಸಿ ಎನ್ನುತ್ತಾರೆ:

‘ಕಂಪನಿಗೆ ಹೋಗುವ ಬಿಲ್ಲಿನಲ್ಲಿ ನನ್ನ ಹೆಸರು ಅಥವಾ ಐಡಿ ಇರುತ್ತದೆಯೇ? ವರದಿಯಲ್ಲಿ ಕನಿಷ್ಠ ಎಷ್ಟು ಜನರ ಗುಂಪನ್ನು ತೋರಿಸುತ್ತೀರಿ? ಕರೆ ರೆಕಾರ್ಡ್ ಆಗುತ್ತದೆಯೇ? ಕೌನ್ಸೆಲರ್ ಬರೆಯುವ ಟಿಪ್ಪಣಿ ಎಷ್ಟು ಕಾಲ ಇರುತ್ತದೆ? ಕಂಪನಿ ನಿಮ್ಮ ಜತೆ ಒಪ್ಪಂದ ಮುಗಿಸಿದರೆ ಆ ಟಿಪ್ಪಣಿ ಯಾರ ಬಳಿ ಹೋಗುತ್ತದೆ?’

ಕೊನೆಯ ಪ್ರಶ್ನೆ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಕಂಪನಿಗಳು ಆಗಾಗ ಇಎಪಿ ಸಂಸ್ಥೆಯನ್ನು ಬದಲಿಸುತ್ತವೆ. ಹಳೆಯ ಟಿಪ್ಪಣಿ ಹಳೆಯ ಸಂಸ್ಥೆಯಲ್ಲೇ ಉಳಿಯಬೇಕು, ಹೊಸದಕ್ಕೆ ಹೋಗಲು ನಿಮ್ಮ ಒಪ್ಪಿಗೆ ಬೇಕು, ಕಂಪನಿಯ ಕೈಗಂತೂ ಹೋಗಕೂಡದು. ಈ ಮೂರನ್ನೂ ಸ್ಪಷ್ಟವಾಗಿ ಹೇಳುವವರು ನಂಬಲು ಯೋಗ್ಯರು.

ಸೆಷನ್ನಿಗೆ ಮುಂಚೆ ಒಂದು ಪ್ರಶ್ನಾವಳಿ ಬರುತ್ತದೆ, ಬಹಳ ಸಲ ಖಿನ್ನತೆಯ ಮಟ್ಟ ಅಳೆಯುವ ಪಿಎಚ್‌ಕ್ಯೂ-9. ಒಂಬತ್ತು ಪ್ರಶ್ನೆ, ಒಟ್ಟು 27 ಅಂಕ. ಒಂಬತ್ತನೆಯದು ಸಾವಿನ ಅಥವಾ ತನಗೆ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅದಕ್ಕೆ ಸೊನ್ನೆಗಿಂತ ಹೆಚ್ಚು ಗುರುತು ಹಾಕಿದರೆ ಕೌನ್ಸೆಲರ್ ಆ ಬಗ್ಗೆ ಕೇಳುತ್ತಾರೆ. ನಿಜ ಬರೆಯುವುದೇ ಒಳ್ಳೆಯದು. ಸುಳ್ಳು ಅಂಕ ಬಂದರೆ ಸಿಗುವ ಸಹಾಯವೂ ಸುಳ್ಳು ದಾರಿ ಹಿಡಿಯುತ್ತದೆ. ಆದರೆ ಈ ಪ್ರಶ್ನಾವಳಿಗಳು ಎಲ್ಲಿಗೆ ಹೋಗುತ್ತವೆ ಎಂಬ ಅನುಮಾನಕ್ಕೆ ಆಧಾರವಿದೆ. ಅಮೆರಿಕದ ಆನ್‌ಲೈನ್ ಥೆರಪಿ ಸಂಸ್ಥೆ ಬೆಟರ್‌ಹೆಲ್ಪ್ ಬಳಕೆದಾರರ ಇಮೇಲ್ ವಿಳಾಸ ಮತ್ತು ಪ್ರಶ್ನಾವಳಿಯ ಮಾಹಿತಿಯನ್ನು ಫೇಸ್‌ಬುಕ್, ಸ್ನ್ಯಾಪ್‌ಚಾಟ್ ಮೊದಲಾದವುಗಳ ಜತೆ ಜಾಹೀರಾತಿಗಾಗಿ ಹಂಚಿಕೊಂಡಿತ್ತು ಎಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಆರೋಪಿಸಿ, 78 ಲಕ್ಷ ಡಾಲರ್ ಕಟ್ಟಿಸಿತು. ಅಲ್ಲಿ ಸೋರಿದ್ದು ಥೆರಪಿಸ್ಟ್ ಬಾಯಿಂದಲ್ಲ, ಸೈನ್‌ಅಪ್ ಪುಟದಿಂದ. ಆ್ಯಪ್‌ಗಿಂತ ನೇರ ಫೋನ್ ಕರೆಯೇ ಎಷ್ಟೋ ಸಲ ಸುರಕ್ಷಿತ ಎನ್ನುವುದು ಇದಕ್ಕಾಗಿಯೇ.

ರಶ್ಮಿಯ ಸೆಷನ್ ಮಂಗಳವಾರ ಸಂಜೆ ಏಳೂವರೆಗೆ. ಆಫೀಸ್ ಕ್ಯಾಲೆಂಡರಿನಲ್ಲಿ ‘ಬ್ಯುಸಿ’ ಎಂದಷ್ಟೇ ಹಾಕಿ ಅದನ್ನು ಪ್ರೈವೇಟ್ ಮಾಡುತ್ತಾರೆ. ಹಾಗೆ ಮಾಡದಿದ್ದರೆ ಹಲವು ಕಂಪನಿಗಳಲ್ಲಿ ಶೀರ್ಷಿಕೆ ಇಡೀ ತಂಡಕ್ಕೆ ಕಾಣುತ್ತದೆ. ಗಾಜಿನ ಮೀಟಿಂಗ್ ರೂಮಿನಲ್ಲಿ ಕೂರುವುದಿಲ್ಲ. ಪಿಜಿಯಲ್ಲಿ ಇರುವವರಿಗೆ ನಿಜವಾದ ಕಷ್ಟ ಎಚ್‌ಆರ್ ಅಲ್ಲ, ತೆಳು ಗೋಡೆ. ಅಂಥವರು ಪಾರ್ಕಿನ ಬೆಂಚೋ ನಿಲ್ಲಿಸಿದ ಕಾರೋ ಹುಡುಕಿಕೊಳ್ಳುತ್ತಾರೆ, ಇಲ್ಲವೇ ನೇರವಾಗಿ ಹೋಗುವ ಸೆಷನ್ ಕೇಳುತ್ತಾರೆ.

ಆರು ಸೆಷನ್ ಬೇಗ ಮುಗಿಯುತ್ತವೆ. ಮೂರನೆಯದರ ಹೊತ್ತಿಗೂ ನಿದ್ದೆ ಸುಧಾರಿಸದಿದ್ದರೆ ‘ಮನೋವೈದ್ಯರನ್ನು ನೋಡಬೇಕೇ?’ ಎಂದು ಅಲ್ಲೇ ಕೇಳಬೇಕು, ಆರನೆಯದರಲ್ಲಿ ಅಲ್ಲ. ಮಾತ್ರೆ ಬರೆಯುವುದು ಕೌನ್ಸೆಲರ್ ಕೆಲಸವಲ್ಲ, ಮತ್ತು ಹೊರಗಿನವರ ಅಪಾಯಿಂಟ್‌ಮೆಂಟ್ ಸಿಗಲು ದಿನ ಹಿಡಿಯುತ್ತದೆ. ಇನ್ನು ಆನ್-ಕಾಲ್ ಸರದಿ ಬದಲಾಗಬೇಕೆಂದರೆ ಮ್ಯಾನೇಜರ್ ಜತೆ ಮಾತಾಡಲೇಬೇಕು, ಆದರೆ ಅಲ್ಲಿ ಕೌನ್ಸೆಲಿಂಗ್ ವಿಷಯ ಎತ್ತುವ ಅಗತ್ಯ ಬರುವುದಿಲ್ಲ. ‘ಕಳೆದ ಆರು ವಾರದಲ್ಲಿ ರಾತ್ರಿ 12ರಿಂದ 5ರ ನಡುವೆ 19 ಅಲರ್ಟ್ ಬಂದಿವೆ, ಅದರಲ್ಲಿ 13ಕ್ಕೆ ಮಾಡಬೇಕಾದ್ದೇನೂ ಇರಲಿಲ್ಲ, ಅವನ್ನು ಬೆಳಿಗ್ಗೆಗೆ ತಳ್ಳೋಣ’ ಎಂದರೆ ಮ್ಯಾನೇಜರ್ ಕೈಯಲ್ಲಿ ಮಾಡಲು ಒಂದು ಕೆಲಸ ಸಿಗುತ್ತದೆ. ಈ ಮಾತನ್ನು ಹೇಗೆ ಹೇಳುವುದೆಂದು ಸೆಷನ್ನಿನಲ್ಲೇ ಅಭ್ಯಾಸ ಮಾಡಿಕೊಳ್ಳಬಹುದು. ಇಎಪಿಯಿಂದ ಸಿಗುವ ಅತ್ಯಂತ ಉಪಯುಕ್ತ ಸಹಾಯ ಇದೇ ಇರಬಹುದು.

ಅಲ್ಲಿ ಹೇಳಬಾರದ್ದು

ನಿದ್ದೆ, ಕೆಲಸದ ಹೊರೆ, ಮನೆಯ ಚಿಂತೆ, ಹೊಸ ಜವಾಬ್ದಾರಿಯ ಭಯ ಇವಕ್ಕೆ ಕಂಪನಿಯ ಕೌನ್ಸೆಲರ್ ಸಾಕು. ಆದರೆ ಕಂಪನಿಯೇ ಎದುರು ಪಕ್ಷವಾಗಬಹುದಾದ ವಿಷಯಕ್ಕೆ ಬೇರೆಯವರು ಬೇಕು. ವಜಾ ಮಾಡುವ ಸೂಚನೆ, ಬಲವಂತದ ರಾಜೀನಾಮೆ, ಮ್ಯಾನೇಜರ್ ಮೇಲೆ ಕೊಡಲಿರುವ ದೂರು, ಕೋರ್ಟಿಗೆ ಹೋಗುವ ಆಲೋಚನೆ ಇವನ್ನೆಲ್ಲ ವಕೀಲರ ಜತೆ ಮಾತಾಡಬೇಕು. ಕಕ್ಷಿದಾರ ಮತ್ತು ವಕೀಲರ ನಡುವಿನ ಮಾತಿಗೆ ಸಾಕ್ಷ್ಯ ಕಾನೂನು ಕೊಡುವ ವಿಶೇಷ ರಕ್ಷಣೆ ಕೌನ್ಸೆಲರ್‌ಗಾಗಲಿ ವೈದ್ಯರಿಗಾಗಲಿ ಇಲ್ಲ. ಮನಸ್ಸಿನ ಭಾರ ಇಳಿಸಲು ಸ್ವಂತ ದುಡ್ಡಿನ ಥೆರಪಿಸ್ಟ್ ಇರಲಿ. ಕಚೇರಿಯಲ್ಲೇ ಕೂರುವ, ಎಚ್‌ಆರ್‌ಗೆ ವರದಿ ಮಾಡಿಕೊಳ್ಳುವ, ಕಂಪನಿಯ ಸಂಬಳದ ಕೌನ್ಸೆಲರ್ ಆದರೆ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಲೈಂಗಿಕ ಕಿರುಕುಳದ ವಿಷಯದಲ್ಲಿ ಒಂದು ತಪ್ಪು ತುಂಬಾ ದುಬಾರಿಯಾಗುತ್ತದೆ. ಕೌನ್ಸೆಲರ್‌ಗೆ ಹೇಳಿದ್ದು ದೂರು ಕೊಟ್ಟಂತೆ ಅಲ್ಲ. 2013ರ ಕಾಯ್ದೆಯ ಪ್ರಕಾರ ಘಟನೆ ನಡೆದ ಮೂರು ತಿಂಗಳೊಳಗೆ, ಮತ್ತೆ ಮತ್ತೆ ನಡೆದಿದ್ದರೆ ಕೊನೆಯ ಘಟನೆಯಿಂದ ಮೂರು ತಿಂಗಳೊಳಗೆ, ಆಂತರಿಕ ಸಮಿತಿಗೆ ಲಿಖಿತ ದೂರು ಹೋಗಬೇಕು. ಸಮಿತಿ ಕಾರಣ ಬರೆದು ಇನ್ನು ಮೂರು ತಿಂಗಳವರೆಗೆ ಮಾತ್ರ ವಿಸ್ತರಿಸಬಹುದು. ಆರು ಸೆಷನ್ನುಗಳನ್ನು ಎರಡು ವಾರಕ್ಕೊಂದರಂತೆ ಮುಗಿಸುವಷ್ಟರಲ್ಲಿ ಆ ಗಡುವು ಬಹುತೇಕ ಕಳೆದುಹೋಗಿರುತ್ತದೆ.

ಸ್ವಂತ ಥೆರಪಿಸ್ಟ್, ಮತ್ತು ಕಾಗದಗಳು

ಬೆಂಗಳೂರಿನಲ್ಲಿ ಖಾಸಗಿ ಥೆರಪಿಸ್ಟ್ ಬಳಿ 45–50 ನಿಮಿಷದ ಒಂದು ಸೆಷನ್ನಿಗೆ ಸಾಮಾನ್ಯವಾಗಿ ಸಾವಿರದಿಂದ ಮೂರು ಸಾವಿರ ರೂಪಾಯಿ ಆಗುತ್ತದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು. ಕೇಳಿದರೆ ಕೊಡುತ್ತಾರೆ, ಪರಿಷತ್ತಿನ ಜಾಲತಾಣದಲ್ಲಿ ತಾಳೆ ನೋಡಬಹುದು. ಕೊಡಲು ಹಿಂದೆಮುಂದೆ ನೋಡಿದರೆ ಬೇರೆಯವರನ್ನು ಹುಡುಕುವುದು ಒಳ್ಳೆಯದು.

ಆದರೆ ಸ್ವಂತ ದುಡ್ಡು ಕೊಟ್ಟ ಮಾತ್ರಕ್ಕೆ ಗೋಪ್ಯತೆ ಬಂದುಬಿಡುವುದಿಲ್ಲ. ಅದೇ ಬಿಲ್ಲನ್ನು ಕಂಪನಿಯ ‘ವೆಲ್‌ನೆಸ್ ಭತ್ಯೆ’ಗೆ ಹಾಕಿದರೆ ಥೆರಪಿಸ್ಟ್ ಹೆಸರು, ದಿನಾಂಕ, ಸೆಷನ್ ಸಂಖ್ಯೆ ಎಲ್ಲವೂ ಲೆಕ್ಕಪತ್ರ ವಿಭಾಗದ ಕೈಯಲ್ಲಿ. ಎರಡು ಸಾವಿರ ವಾಪಸ್ ಬರುವುದಕ್ಕೆ ಅಷ್ಟು ಬೆಲೆ ಇದೆಯೇ ಎಂದು ಅವರವರೇ ತೀರ್ಮಾನಿಸಬೇಕು. ಗುಂಪು ವಿಮೆಯ ಕ್ಲೇಮು ಇದಕ್ಕಿಂತ ಒಂದು ಮೆಟ್ಟಿಲು ದೂರ, ಏಕೆಂದರೆ ಕಾಗದ ಹೋಗುವುದು ವಿಮಾ ಸಂಸ್ಥೆಗೆ ಅಥವಾ ಅದರ ಪರವಾಗಿ ಕ್ಲೇಮು ನೋಡುವ ಟಿಪಿಎಗೆ. ಆದರೂ ಕಾಗದಗಳನ್ನು ಎಚ್‌ಆರ್ ಡೆಸ್ಕಿನ ಮೂಲಕ ಕಳಿಸದೆ ಟಿಪಿಎ ಪೋರ್ಟಲ್ಲಿಗೆ ನೇರವಾಗಿ ಹಾಕಬೇಕು.

ರಜೆಯ ಚೀಟಿಯೇ ಎಲ್ಲಕ್ಕಿಂತ ಹೆಚ್ಚು ಸೋರುವ ಜಾಗ. ‘ನನ್ನ ಚಿಕಿತ್ಸೆಯಲ್ಲಿದ್ದಾರೆ, ಇಂಥ ದಿನದಿಂದ ಇಂಥ ದಿನದವರೆಗೆ ವಿಶ್ರಾಂತಿ ಬೇಕು’ ಎಂದು ಕಾಯಿಲೆಯ ಹೆಸರಿಲ್ಲದೆ ಬರೆದುಕೊಡಲು ವೈದ್ಯರನ್ನು ಕೇಳಬಹುದು, ಹೆಚ್ಚಿನವರು ಒಪ್ಪುತ್ತಾರೆ. ಆದರೆ ಲೆಟರ್‌ಹೆಡ್ಡಿನಲ್ಲೇ ‘ಮನೋವೈದ್ಯರು’ ಎಂದಿದ್ದರೆ ಕಾಯಿಲೆಯ ಹೆಸರು ಬಿಟ್ಟೂ ಪ್ರಯೋಜನವಿಲ್ಲ. ಹಲವು ವಿಭಾಗಗಳಿರುವ ಆಸ್ಪತ್ರೆಯಲ್ಲಿ ತೋರಿಸಿಕೊಂಡರೆ ಆಸ್ಪತ್ರೆಯ ಸಾಮಾನ್ಯ ಲೆಟರ್‌ಹೆಡ್ ಸಿಗುತ್ತದೆ. ನಿದ್ದೆಗೇಡು, ರಕ್ತದೊತ್ತಡ ಎಂದು ನಿಮ್ಮನ್ನು ನಿಜವಾಗಿ ಪರೀಕ್ಷಿಸಿದ ಮನೆ ಡಾಕ್ಟರೂ ವಿಶ್ರಾಂತಿಗೆ ಬರೆದುಕೊಡಬಹುದು. ಚೀಟಿಯ ಜತೆ ಮಾತ್ರೆಯ ಪಟ್ಟಿಯನ್ನು ಸ್ಕ್ಯಾನ್ ಮಾಡಿ ಹಾಕುವುದು ಬೇಡ. ಮಾತ್ರೆಯ ಹೆಸರನ್ನು ಗೂಗಲ್ ಮಾಡಲು ಯಾರಿಗೂ ಅರ್ಧ ನಿಮಿಷ ಸಾಕು.

ಕಂಪನಿಯ ಐಡಿ ಕೊಡುವುದೇ ಬೇಡ, ಖಾಸಗಿಗೆ ದುಡ್ಡೂ ಇಲ್ಲ ಎನ್ನುವವರಿಗೆ ಟೆಲಿ-ಮಾನಸ್ ಇದೆ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಈ ಉಚಿತ ಸಹಾಯವಾಣಿಯ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲಿ ಮಾತಾಡಬಹುದು, ಅಗತ್ಯವಿದ್ದರೆ ಅಲ್ಲಿಂದಲೇ ಮನೋವೈದ್ಯರಿಗೆ ದಾಟಿಸುತ್ತಾರೆ. ಒಬ್ಬರೇ ಕೌನ್ಸೆಲರ್ ವಾರ ವಾರವೂ ಸಿಗುತ್ತಾರೆಂದು ನೆಚ್ಚಿಕೊಳ್ಳುವಂತಿಲ್ಲ, ಹಾಗಾಗಿ ತಿಂಗಳುಗಟ್ಟಲೆ ನಡೆಯುವ ಥೆರಪಿಗೆ ಇದು ಬದಲಿಯಲ್ಲ. ರಾತ್ರಿ ಎರಡಕ್ಕೆ ಎಚ್ಚರವಾಗಿ ಕೂತವರಿಗೆ ಆ ಹೊತ್ತಿಗೆ ಬೇಕಾದ ಮಾತು, ಮುಂದೆ ಯಾವ ಆಸ್ಪತ್ರೆಗೆ ಹೋಗಬೇಕೆಂಬ ದಾರಿ, ಇವೆರಡೂ ಕಂಪನಿಯ ಯಾವ ದಾಖಲೆಗೂ ತಾಗದೆ ಅಲ್ಲಿ ಸಿಗುತ್ತವೆ.